ಲಿಸ್ಟಿನಾಗ ಮಂಜ್ಯಾನ ಹೆಸರು

ಮುಂಜಾನೆ 6:12

ಬಸ್ಯಾ: ಲೇ ಮಂಜ್ಯಾ, ಎದ್ದಿಯೇನು? ಪವರ್‌ಮ್ಯಾನ್ ಸಾಹೇಬ್ರು ಇನ್ನೂ ಮಕ್ಕೊಂಡಿದ್ರ ಊರಿಗೆ ಕರೆಂಟ್ ಕೊಡೋರು ಯಾರು?

ಬಸ್ಯಾ: ಹೆಸ್ಕಾಂ ಲಿಸ್ಟ್ ಬಿಟ್ಟಾರ. ನಿಂದು ಆಗೈತಲೇ! ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಹುಟ್ಟಿದ ತಾರೀಖು, ಎಲ್ಲಾ ಮೂರು ಸಲ ನೋಡೀನಿ. ಮಂಜುನಾಥ ಅನ್ನೋರು ಜಿಲ್ಲಾದಾಗ ಸಾವಿರ ಮಂದಿ ಅದಾರ, ಆದ್ರ ಇದು ನೀನ.

ಬಸ್ಯಾ: ‘ಹಾರ್ದಿಕ ಅಭಿನಂದನೆಗಳು’ ಅಂತ ಬರದು ಅಳಿಸಿದೆ. ಬಸ್ ಸ್ಟ್ಯಾಂಡಿನ ಬ್ಯಾನರ್ ಕಂಡಂಗ ಕಂಡ್ತು. ಭಾಳ ಅಂದ್ರ ಭಾಳ ಖುಷಿ ಆತು ದೋಸ್ತ, ಅಷ್ಟ.

6:31

ಮಂಜ್ಯಾ: ಖರೇನ ಏನಲೇ? ಚಾಷ್ಟಿ ಮಾಡಬ್ಯಾಡ

ಬಸ್ಯಾ: ನಿಮ್ಮವ್ವನ ಆಣಿ. ಸ್ಕ್ರೀನ್‌ಶಾಟ್ ಹಾಕೀನಿ ನೋಡು.

ಮಂಜ್ಯಾ: ಅಯ್ಯ ದೇವ್ರ… ಆತಲೇ!! ಕೈ ನಡಗಾಕತ್ತಾವ

ಮಂಜ್ಯಾ: ನಿಂದು?

ಬಸ್ಯಾ: ನೀ ಮೊದ್ಲ ಅವ್ವಗ ಹೇಳಿ ಬಾ.

6:50

ಮಂಜ್ಯಾ: ಹೇಳಿದೆ. ಒಲಿ ಮುಂದ ಕುಂತು ಅಳಾಕತ್ತಾಳ, ಒಂದು ರೊಟ್ಟಿ ಸುಟ್ಟು ಕರಕಾತು. ಅಪ್ಪ ಏನೂ ಅನ್ನಲಿಲ್ಲ. ಮೀಸಿ ತಿರುವಿ ಗುಡಿ ಕಡೆ ಹೋದ. ಈಗ ಹೇಳು, ನಿಂದು?

ಬಸ್ಯಾ: ಇಲ್ಲ. ಕಂಬ ಹತ್ತಿದ್ದು ಪಾಸ್, ಗುಂಡು ಪಾಸ್, ಓಟ ಪಾಸ್. ಎಸ್ಸೆಸ್ಸೆಲ್ಸಿ ಅಂಕ ನೋಡಿ ಲಿಸ್ಟ್ ಮಾಡ್ತಾರಲ್ಲ, ಅಲ್ಲಿ ಸಿಕ್ಕೊಂಡೆ. ಹತ್ತನೇತ್ತಾದಾಗ ಗಣಿತ ನಿನಗ ಹೇಳಿಕೊಟ್ಟವ ನಾ. ಬರದಾವ ನೀ. ಮಾರ್ಕ್ಸ್ ನಿಂಗ ಬಂದ್ವು ಮಗನ.

ಮಂಜ್ಯಾ: ಎಂಥಾದ್ದಲೇ ಇದು. ನನಗ ಖುಷೀನೂ ಪಡಾಕ ಆಗವಲ್ದು

ಬಸ್ಯಾ: ಅದಕ್ಕ ಮೊದ್ಲು ಹೇಳಲಿಲ್ಲ. ರಾತ್ರಿ 11ಕ್ಕ ಲಿಸ್ಟ್ ನೋಡೀನಿ. ನಂದು ಹುಡುಕಿ ಹುಡುಕಿ ಸಾಕಾಗಿ ಮಕ್ಕೊಂಡೆ. ನಿಂದು ನೋಡಿದ್ದು ಮುಂಜಾನಿ ಎದ್ದು, ಖರೇ ಹೇಳ್ತೀನಿ. ನೋಡಿದ ಮ್ಯಾಲ ಚಹಾ ಕುಡಿಯಾಕೂ ತಡೀಲಿಲ್ಲ, ಮೆಸೇಜ್ ಹಾಕಿದೆ. ನೀ ಸಪ್ಪಗಾದ್ರ ನಂಗ ಸಿಟ್ಟು ಬರತೈತಿ.

ಮಂಜ್ಯಾ: ನಮ್ಮ ಹೊಲದಾಗಿನ ಕಂಬ ನೆನಪಾತು

ಬಸ್ಯಾ: ಅದ್ಯಾಂಗ ಮರೀತೈತಿ? ಬೋರು ಬತ್ತಿ ತಂತಿ ಕಿತ್ತ ಮ್ಯಾಲೂ ನಮ್ಮ ಲೈನ್‌ಮನ್ ಕಾಕಾ ಟೆಸ್ಟರ್ ಹಿಡಿದು ನೋಡಿ, ಆಮ್ಯಾಲ ಹತ್ರಿ ಅಂದಿದ್ದ. ಮೊದಲನೇ ದಿನ ನೀ ಅರ್ಧಕ್ಕ ಹೋಗಿ ತಬ್ಬಿಕೊಂಡು ನಿಂತಿದ್ದಿ, ಹಲ್ಲಿ ನಿಂತಂಗ. ಇಳಿ ಅಂದ್ರ ಇಳಿಯಾಕೂ ಆಗವಲ್ದು. ತೊಡಿ ಚರ್ಮ ಕಿತ್ತು, ನಿಮ್ಮವ್ವ ಕೊಬ್ಬರಿ ಎಣ್ಣಿ ಹಚ್ಚಿ ಬಯ್ದಿದ್ಲು.

ಮಂಜ್ಯಾ: ಪರೀಕ್ಷೆ ದಿನ 8 ಮೀಟರ್ ಕಂಬದ ತುದಿ ಮುಟ್ಟಿದಾಗ ಕೆಳಗ ನೋಡಲಿಲ್ಲ ನಾ. ನಿನ್ನ ಕೂಗಷ್ಟ ಕೇಳ್ತಿತ್ತು. ‘ಮುಟ್ಟಲೇ ಮುಟ್ಟಲೇ’ ಅಂತ

ಬಸ್ಯಾ: ಅಧಿಕಾರಿ ನನ್ನ ಕಡೆ ಕಣ್ಣು ಬಿಟ್ಟಿದ್ರು. ಬಾಯಿ ಮುಚ್ಚು ಅಂತ ಅರ್ಥ ಅದು.

7:10

ಬಸ್ಯಾ: ಕಾಕಾಗ ಹೇಳಿದೆ. ‘ಹುಡುಗ ಛಲೋ ಅದಾನ’ ಅಂದ. ಆಮ್ಯಾಲ ಒಂದು ಮಾತು ಹೇಳು ಅಂದಾನ, ಅವನ ಮಾತನ್ನ ಹಂಗ ಹಾಕ್ತೀನಿ: ‘ಲೈನ್ ಬಂದ್ ಮಾಡಿಸೋ ಎಲ್‌ಸಿ ತಗೊಳ್ದ ಲೈನ್ ಮುಟ್ಟಬ್ಯಾಡ. ತಗೊಂಡ ಮ್ಯಾಲೂ ಅರ್ತ್ ಹಾಕು. ಯಾವನೋ ಮನ್ಯಾಗ ಜನರೇಟರ್ ಹಚ್ಚಿರ್ತಾನ, ಕರೆಂಟ್ ತಿರುಗಿ ಬರತೈತಿ. ಗ್ಲೌಸ್, ಬೆಲ್ಟ್ ಇಲ್ದ ಹತ್ತಂದ್ರ ಹತ್ತಬ್ಯಾಡ, ಯಾರ ಹೇಳ್ಲಿ.’ ಮೂವತ್ತು ವರ್ಷ ಟಿಸಿ ಕೆಳಗ ಕಳದಾವ, ಕೇಳು.

ಮಂಜ್ಯಾ: ಕೇಳ್ತೀನಿ. ಸಂಜಿಕ ಕಾಕಾನ ಕಾಲು ಮುಟ್ಟಿ ಬರ್ತೀನಿ. ಪೇಢೆ ತರ್ಲಿ ಏನು?

ಬಸ್ಯಾ: ಪೇಢೆ ಬ್ಯಾಡ. ಗಿರ್ಮಿಟ್, ಮಿರ್ಚಿ. ನಂದೇ ಬಿಲ್, ನಿಂದು ಸಂಬಳ ಬಂದ ಮ್ಯಾಲ.

ಮಂಜ್ಯಾ: ನೀ ಮುಂದ ಏನು ಮಾಡಾಂವ?

ಬಸ್ಯಾ: ಪೊಲೀಸ್ ಕಾನ್ಸ್‌ಟೇಬಲ್ ಕರೆದಾಗ ಹಾಕ್ತೀನಿ. 1600 ಮೀಟರ್ ಆರೂವರೆ ನಿಮಿಷದಾಗ ಓಡಬೇಕು. ಅದರಾಗ ಪರೀಕ್ಷೆ ಬರೀಬೇಕು, ಹತ್ತನೇತ್ತಾದ ಗಣಿತ ಬ್ಯಾನಿ ಇಲ್ಲ.

ಮಂಜ್ಯಾ: ನಾಳಿಂದ ಓಡು. ಮುಂಜಾನಿ ಐದಕ್ಕ ನಾ ಗಡಿಯಾರ ಹಿಡ್ಕೊಂಡು ಬರ್ತೀನಿ, ಟ್ರೇನಿಂಗ್‌ಗೆ ಹೋಗೋ ತನಕ

ಬಸ್ಯಾ: ಐದಕ್ಕ? ನಿನಗ ನೌಕರಿ ಆತು ಅಂತ ನನ್ನ ನಿದ್ದಿ ಯಾಕ ಕೆಡಸ್ತಿ

ಮಂಜ್ಯಾ: ಐದಕ್ಕ. ಕಂಬದ ಹತ್ರ ನಿಂತಿರ್ತೀನಿ

ಬಸ್ಯಾ: ಕಂಬಕ್ಕ ಎಮ್ಮಿ ಕಟ್ಟೀನಿ ನೋಡು, ಕತ್ತಲದಾಗ ಹೌಹಾರಬ್ಯಾಡ.