ಎರಡು ಮೊಬೈಲು, ಒಬ್ಬ ಅಭಿಮನ್ಯು

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ, ದೇವಿಕೆರೆಯ ಹತ್ತಿರ ಸೈಬರ್ ಕೆಫೆ ನಡೆಸುತ್ತಿದ್ದ ಮಂಜುನಾಥ ತನ್ನ ವ್ಯಾಪಾರದ ಏರಿಳಿತವನ್ನೂ ಜಾತ್ರೆಯಿಂದ ಜಾತ್ರೆಗೆ ಅಳೆಯುತ್ತಿದ್ದ. 2010ರ ಜಾತ್ರೆಯ ಹೊತ್ತಿಗೆ ಅವನ ಆರೂ ಕಂಪ್ಯೂಟರುಗಳ ಮುಂದೆ ಇಮೇಲ್ ನೋಡುವವರು, ರೈಲ್ವೆ ಟಿಕೆಟು ತೆಗೆಯುವವರು ಕೂತಿರುತ್ತಿದ್ದರು. 2012ರಲ್ಲಿ ಅಂಥವರು ಬೆರಳೆಣಿಕೆಯಷ್ಟು ಉಳಿದಿದ್ದರು. ಹಿಂದಿನ ವರ್ಷ ಬಂದ ಹೊಸ ನಿಯಮದಂತೆ ಗುರುತಿನ ಚೀಟಿ ತೋರಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕೆಂದಾಗ ಇವರಲ್ಲೂ ಕೆಲವರು ಬೇಸರಪಟ್ಟುಕೊಂಡು ಹಿಂದಿರುಗುತ್ತಿದ್ದರು. ಅವರ ಜಾಗಕ್ಕೆ ಬಂದವರು ಮೆಮೊರಿ ಕಾರ್ಡು ಹಿಡಿದವರು.

ಜಾತ್ರೆಗೆಂದು ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ನೆಂಟರು ಬಂದು ಮನೆ ತುಂಬುವ ಮೊದಲು, ಮಗಳ ಮದುವೆಯ ಸಿಡಿ, ಮೊಮ್ಮಗನ ಉಪನಯನದ ಕ್ಯಾಸೆಟ್ಟಿನಿಂದ ಇಳಿಸಿದ ಸಿಡಿ, ಊರಿನ ದೇವಸ್ಥಾನದಲ್ಲಿ ಆಡಿಸಿದ ಯಕ್ಷಗಾನದ ಸಿಡಿ, ಇವೆಲ್ಲ ಮೊಬೈಲಿನೊಳಗೆ ಸೇರಬೇಕು ಎಂಬುದು ಆ ವರ್ಷ ಎಲ್ಲರಿಗೂ ಒಟ್ಟಿಗೇ ಹತ್ತಿದ ಹಂಬಲ. ಒಂದು ಸಿಡಿಗೆ ಇಪ್ಪತ್ತು ರೂಪಾಯಿ ಎಂದು ಮಂಜುನಾಥ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದ. ಅದರ ಕೆಳಗೆ ‘ಹೊಸ ಸಿನಿಮಾ ಹಾಕಿಕೊಡುವುದಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲಿತ್ತು. ಹೆಚ್ಚು ಜನ ಕೇಳುತ್ತಿದ್ದುದು ಅದನ್ನೇ ಆದ್ದರಿಂದ ಆ ಸಾಲಿನಿಂದ ಅವನಿಗಾದ ನಷ್ಟ ಸಣ್ಣದಲ್ಲ.

ಕೆಲಸ ಹೇಳುವಷ್ಟು ಸುಲಭವಾಗಿರಲಿಲ್ಲ. ಸಿಡಿಯೊಳಗಿನ AVSEQ01.DAT ಕಡತವನ್ನು ಹಾಗೆಯೇ ಕಾರ್ಡಿಗೆ ಹಾಕಿದರೆ ಮೊಬೈಲು ಅದನ್ನು ಗುರುತಿಸುತ್ತಲೇ ಇರಲಿಲ್ಲ. 352x288 ಅಳತೆಯ ಚಿತ್ರವನ್ನು 176x144ಕ್ಕೆ ಕುಗ್ಗಿಸಿ, ಸೆಕೆಂಡಿಗೆ ಇಪ್ಪತ್ತೈದು ಚೌಕಟ್ಟುಗಳಿದ್ದುದನ್ನು ಹನ್ನೆರಡಕ್ಕೆ ಇಳಿಸಿ, .3gp ಕಡತವಾಗಿ ಮಾಡಿದರೆ ಗಂಟೆಗೆ ಆರುನೂರು ಎಂಬಿ ಇದ್ದದ್ದು ಅರವತ್ತರ ಆಸುಪಾಸಿಗೆ ಬರುತ್ತಿತ್ತು. ಆದರೆ ಆ ಕಡತದ ಯಾವ ಭಾಗ ಎಲ್ಲಿದೆ ಎಂಬ ಸೂಚಿ ಕಟ್ಟಕಡೆಗೆ ಬರೆಯಲ್ಪಡುವುದರಿಂದ, ಕೆಲಸ ತೊಂಬತ್ತೊಂಬತ್ತು ಶೇಕಡ ಮುಗಿದಾಗ ಕರೆಂಟು ಹೋದರೂ ಅಷ್ಟೂ ವ್ಯರ್ಥ. ಯುಪಿಎಸ್ ಹತ್ತು ನಿಮಿಷ ತಡೆಯುತ್ತಿತ್ತು. ಬೇಸಿಗೆ ಹೊಸ್ತಿಲಲ್ಲಿದ್ದ ಆ ದಿನಗಳಲ್ಲಿ ಕರೆಂಟು ಹೋದರೆ ಎರಡು ತಾಸು ಬರುತ್ತಿರಲಿಲ್ಲ. ಹೀಗಾಗಿ ಅವನು ಉದ್ದದ ಸಿಡಿಗಳನ್ನೆಲ್ಲ ರಾತ್ರಿಗಿಟ್ಟು, ಕೆಫೆಯಲ್ಲಿಯೇ ಚಾಪೆ ಹಾಸಿಕೊಂಡು ಮಲಗುತ್ತಿದ್ದ.

ರಥೋತ್ಸವಕ್ಕೆ ನಾಲ್ಕು ದಿನವಿರುವಾಗ ಮಹಾಬಲ ಭಾಗವತರು ಬಂದರು. ಮೇಳ ಬಿಟ್ಟು ಹತ್ತು ವರ್ಷವಾಗಿದ್ದರೂ ಅವರು ಮಾತಿನ ನಡುವೆ ಬಲಗೈ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುವುದನ್ನು ಬಿಟ್ಟಿರಲಿಲ್ಲ. ತಾವು ಪದ್ಯ ಹೇಳಿದ ಒಂದು ಇಡೀ ರಾತ್ರಿಯ ಆಟದ ಮೂರು ಸಿಡಿಗಳನ್ನೂ, ಮಗ ಕೊಡಿಸಿದ ಹೊಸ ಮೊಬೈಲನ್ನೂ ಮೇಜಿನ ಮೇಲಿಟ್ಟರು. ಮಂಜುನಾಥ ಎಲ್ಲರಿಗೂ ಮಾಡಿಕೊಡುವಂತೆಯೇ ಮಾಡಿಕೊಟ್ಟ. ಮರುದಿನ ಬೆಳಗ್ಗೆ ಭಾಗವತರು ಮೊಬೈಲನ್ನು ಕಿವಿಗೆ ಹಿಡಿದು ಅರ್ಧ ಪದ್ಯ ಕೇಳಿದವರೇ ಕೆಳಗಿಟ್ಟರು.

“ಇದು ಚಂಡೆ ಅಲ್ದ ತಮಾ. ತಗಡಿನ ಡಬ್ಬ ಬಡಿದಾಂಗೆ ಕೇಳ್ತು.”

ಅವರ ಮಾತು ನಿಜವಾಗಿತ್ತು. ಅಂಥ ಕಡತಗಳಲ್ಲಿ ಅವನು ಬಳಸುತ್ತಿದ್ದ ಧ್ವನಿಯ ರೀತಿ ಫೋನಿನಲ್ಲಿ ಮಾತಾಡುವುದಕ್ಕೆಂದು ರೂಪಿಸಿದ್ದು. ಸೆಕೆಂಡಿಗೆ ಎಂಟು ಸಾವಿರ ಮಾದರಿಗಳನ್ನಷ್ಟೇ ತೆಗೆದುಕೊಳ್ಳುವ ಅದರಲ್ಲಿ ನಾಲ್ಕು ಸಾವಿರ ಹರ್ಟ್ಸ್‌ನಿಂದ ಮೇಲಿನ ಸ್ವರಾಂಶ ಉಳಿಯುವಂತೆಯೇ ಇಲ್ಲ. ಚಂಡೆಯ ಮೊನಚಾದ ಪೆಟ್ಟು ಇರುವುದೇ ಆ ಎತ್ತರದಲ್ಲಿ. ಮದುವೆ ಸಿಡಿಗಳಲ್ಲಿ ಯಾರೂ ಇದನ್ನು ಗಮನಿಸಿರಲಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಹುಡುಕುವುದು ತಮ್ಮ ಮುಖವನ್ನು.

ಭಾಗವತರ ಮೊಬೈಲು ಒಳ್ಳೆಯ ಜಾತಿಯದು, ಎಎಸಿ ಧ್ವನಿಯನ್ನೂ ನುಡಿಸುತ್ತಿತ್ತು. ಮಂಜುನಾಥ ಧ್ವನಿಗೆ ಸೆಕೆಂಡಿಗೆ ತೊಂಬತ್ತಾರು ಕಿಲೋಬಿಟ್ ಕೊಟ್ಟು, ಚಿತ್ರಕ್ಕೆ ಮಿಕ್ಕ ನಲವತ್ತೆಂಟನ್ನು ಬಿಟ್ಟ. ಒಟ್ಟು ಗಾತ್ರ ಮೊದಲಿನಷ್ಟೇ. ಹಂಚಿಕೆ ಮಾತ್ರ ಬೇರೆ. ಚಿತ್ರದಲ್ಲಿ ವೇಷಗಳು ಬಣ್ಣಬಣ್ಣದ ಚೌಕಗಳಾಗಿ ಒಡೆದು, ಯಾರು ಅಭಿಮನ್ಯು ಯಾರು ದ್ರೋಣ ಎಂದು ಕಿರೀಟ ನೋಡಿಯೂ ಹೇಳಲಾಗದಂತಾಯಿತು. ಭಾಗವತರು ಅದನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ ಕೇಳಿ, ಬಿಡ್ತಿಗೆ ಮುಗಿದ ಮೇಲೆ ತಲೆದೂಗಿ, ಅರವತ್ತು ರೂಪಾಯಿ ಎಣಿಸಿ ಕೊಟ್ಟರು.

ಅಂದು ಸಂಜೆಯೇ ಗಣಪಣ್ಣ ಬಂದ. ಅವನ ಕೈಯಲ್ಲೂ ಅದೇ ಮೂರು ಸಿಡಿ. ಆ ರಾತ್ರಿಯ ಅಭಿಮನ್ಯು ಅವನೇ. ಈಗ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಮೊಣಕಾಲು ನೋವಿನಿಂದ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತಿದ್ದ. ಭಾಗವತರಿಗೆ ಮಾಡಿಟ್ಟಿದ್ದ ಕಡತವನ್ನು ಮಂಜುನಾಥ ಕಂಪ್ಯೂಟರಿನಲ್ಲಿಯೇ ತೋರಿಸಿದ.

“ಎಂತದೋ ಇದು? ನಾ ಎಲ್ಲಿದ್ದಿ ಇದ್ರಾಗೆ?” ಎಂದ ಗಣಪಣ್ಣ.

ಅವನಿಗೆ ಬೇಕಾಗಿದ್ದುದು ಚಕ್ರವ್ಯೂಹವನ್ನು ಹೊಕ್ಕ ಮೇಲಿನ ಮಂಡಿ ಕುಣಿತ, ಅದೊಂದೇ. ಮೊಣಕಾಲೂರಿ ರಂಗಸ್ಥಳವನ್ನು ಸುತ್ತುವ ಆ ಕುಣಿತದಲ್ಲಿ ಚಿತ್ರ ಪೂರಾ ಪ್ರತಿ ಕ್ಷಣ ಬದಲಾಗುವುದರಿಂದ, ಬಿಟ್‌ಗಳು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದೂ ಅಲ್ಲಿಯೇ. ಅವನ ಚೈನಾ ಸೆಟ್ಟಿನಲ್ಲಿ ನಾಲ್ಕು ಸ್ಪೀಕರುಗಳಿದ್ದರೂ ಅದು ಎಎಸಿಯನ್ನು ಒಪ್ಪುತ್ತಿರಲಿಲ್ಲ. ಮಂಜುನಾಥ ಧ್ವನಿಯನ್ನು ಹಳೆಯ ಹನ್ನೆರಡು ಕಿಲೋಬಿಟ್ಟಿಗೇ ಬಿಟ್ಟು, ಉಳಿದದ್ದನ್ನೆಲ್ಲ ಚಿತ್ರಕ್ಕೆ ಸುರಿದು, ಹನ್ನೆರಡು ಚೌಕಟ್ಟನ್ನು ಹದಿನೈದಕ್ಕೆ ಏರಿಸಿದ. ಮೊದಲ ಸಲ ಕರೆಂಟು ಹೋಗಿ ಹಾಳಾಯಿತು. ಎರಡನೆಯದು ನಡುರಾತ್ರಿ ದಾಟಿದ ಮೇಲೆ ಮುಗಿಯಿತು. ಬೆಳಗ್ಗೆ ಗಣಪಣ್ಣ ಗೇಣುದ್ದವೂ ಇಲ್ಲದ ಆ ಪರದೆಯನ್ನು ಕಣ್ಣಿನ ಸಮೀಪಕ್ಕೆ ತಂದು, ತನ್ನ ಸುತ್ತುಗಳನ್ನು ತುಟಿಯಲ್ಲಿಯೇ ಎಣಿಸಿದ. ಭಾಗವತರ ಪದ್ಯ ಗೊಗ್ಗರು ದನಿಯಲ್ಲಿ ಹಿಂದೆಲ್ಲೋ ಕೇಳುತ್ತಿತ್ತು. ಅದರ ಬಗ್ಗೆ ಅವನು ಏನೂ ಹೇಳಲಿಲ್ಲ.

ರಥ ದೇವಸ್ಥಾನದಿಂದ ಬಿಡ್ಕಿಬೈಲಿನ ಗದ್ದುಗೆಗೆ ಸಾಗಿದ ದಿನ ಮಧ್ಯಾಹ್ನ, ನೂಕುನುಗ್ಗಲಿನಿಂದ ತಪ್ಪಿಸಿಕೊಂಡು ಇಬ್ಬರೂ ಕೆಫೆಯ ನೆರಳಿಗೆ ಬಂದು ಕೂತರು. ಒಬ್ಬರದು ಕೇಳಲು ಚೆನ್ನಾಗಿದೆ, ಇನ್ನೊಬ್ಬನದು ನೋಡಲು ಚೆನ್ನಾಗಿದೆ ಎಂಬುದು ಗೊತ್ತಾದ ಮೇಲೆ, ಎರಡನ್ನೂ ಒಟ್ಟಿಗೆ ಹಾಕಿದರೆ ಆಟ ಪೂರ್ತಿಯಾಗುತ್ತದಲ್ಲ ಎಂದು ಗಣಪಣ್ಣನೇ ಸೂಚಿಸಿದ. ಅವನ ಮೊಬೈಲಿನ ಸದ್ದನ್ನು ಪೂರಾ ಇಳಿಸಿ, ಭಾಗವತರದನ್ನು ಮಗುಚಿ ಪಕ್ಕಕ್ಕಿಟ್ಟು, ಮಂಜುನಾಥ ಎರಡೂ ಹೆಬ್ಬೆರಳಿನಿಂದ ಒಂದೇ ಸಲ ಒತ್ತಿದ. ಅಭಿಮನ್ಯು ರಂಗಕ್ಕೆ ಬಂದ. ಚಂಡೆ ಮೊಳಗಿತು. ಆದರೆ ಚೈನಾ ಸೆಟ್ಟು ಕಡತ ತೆರೆಯಲು ಒಂದು ಗಳಿಗೆ ಹೆಚ್ಚು ತೆಗೆದುಕೊಂಡಿದ್ದರಿಂದ, ಪೆಟ್ಟು ಬಿದ್ದಾದ ಮೇಲೆ ಹೆಜ್ಜೆ ಬೀಳುತ್ತಿತ್ತು.

ಭಾಗವತರು ಮೊದಲ ಬಾರಿಗೆ ಕಣ್ಣು ತೆರೆದು ಪರದೆಯನ್ನು ದಿಟ್ಟಿಸಿದರು.

“ಆ ರಾತ್ರಿನೂ ಇಂವ ತಾಳಕ್ಕೆ ಹಿಂದೇ ಇದ್ದಿದ್ದ,” ಎಂದರು.

ಗಣಪಣ್ಣ, ಓಡಿದ್ದು ಪದ್ಯವೇ ಹೊರತು ತಾನು ತಡಮಾಡಿದ್ದಲ್ಲ ಎಂದು ವಾದಕ್ಕೆ ನಿಂತ. ಮಂಜುನಾಥ ಎರಡನ್ನೂ ನಿಲ್ಲಿಸಿ, ಈ ಸಲ ಚೈನಾ ಸೆಟ್ಟನ್ನು ಒಂದು ಗಳಿಗೆ ಮೊದಲು ಒತ್ತಿದ.