ಎರಡನೇ ಮದ್ದು: ಸರ್ವ ಸದಸ್ಯರ ಸಭೆಗೆ ಮೋಷನ್ ಗ್ರಾಫಿಕ್ಸ್ ಸ್ಕ್ರಿಪ್ಟ್

ಅವಧಿ: 2 ನಿಮಿಷ 40 ಸೆಕೆಂಡ್. ಅಳತೆ: 1920×1080.
ಎಲ್ಲಿ ತೋರಿಸುವುದು: ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಸಂಘದ ಸಭಾಂಗಣ, ಸೆಪ್ಟೆಂಬರ್, ಹಗಲು ಹೊತ್ತು.
ದತ್ತಾಂಶ: ಸದಸ್ಯರ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ 200 ತೋಟ. ಈ ಮಳೆಗಾಲ ಅಡಿಕೆಯ ಕೊಳೆರೋಗಕ್ಕೆ ಮದ್ದು ಯಾವಾಗ ಹೊಡೆದರು ಎಂಬ ಪ್ರಶ್ನೆಗೆ ಉತ್ತರ ಬೆಳೆಗಾರರೇ ಹೇಳಿದ್ದು.

ಗುರುತುಗಳು: ಒಂದು ಗೀಟು (/) ಅಂದರೆ ಅರ್ಧ ಸೆಕೆಂಡ್ ಬಿಡುವು, ಎರಡು ಗೀಟು (//) ಅಂದರೆ ಪೂರ್ತಿ ಒಂದು ಸೆಕೆಂಡ್. ಒಂದು ವಾಕ್ಯಕ್ಕೆ ಒಂದೇ ಒತ್ತು ಸಾಕು. ಸಂಖ್ಯೆಗೂ ಕಾರಣಕ್ಕೂ ಒಟ್ಟಿಗೆ ಒತ್ತು ಕೊಟ್ಟರೆ ಕೇಳುವವರಿಗೆ ಎರಡೂ ದಕ್ಕುವುದಿಲ್ಲ.

ಬಣ್ಣ: ಹಿನ್ನೆಲೆ ತಿಳಿ ಕೆನೆ ಬಣ್ಣ. ಕಿಟಕಿ ತೆರೆದಿರುವ ಹಾಲ್‌ನಲ್ಲಿ ಕಪ್ಪು ಹಿನ್ನೆಲೆ ಪ್ರೊಜೆಕ್ಟರ್‌ನಿಂದ ಬೂದಿ ಬಳಿದ ಹಾಗೆ ಕಾಣುತ್ತದೆ. ಆಗಿದ್ದಕ್ಕೆ ಹಣ್ಣಡಿಕೆಯ ಕಿತ್ತಳೆ, ಆಗದ್ದಕ್ಕೆ ಗಾಢ ಬೂದು. ಹಸಿರು-ಕೆಂಪು ಜೋಡಿ ಬೇಡ, ಎಲ್ಲರ ಕಣ್ಣಿಗೂ ಅದು ಬೇರೆಬೇರೆಯಾಗಿ ಕಾಣುವುದಿಲ್ಲ.

ದೃಶ್ಯ 1 (0:00–0:18)

ಖಾಲಿ ಪರದೆ, ಒಂದು ಸೆಕೆಂಡ್. ಮಧ್ಯದಲ್ಲಿ ಒಂದೇ ಬಿಂದು. ಅದರ ಪಕ್ಕ ಬರಹ: «ಒಂದು ಬಿಂದು = ಒಂದು ತೋಟ». ಬರಹ ಓದಿ ಮುಗಿದ ಮೇಲೆ ಉಳಿದ ಬಿಂದುಗಳು ಎಡದಿಂದ ಬಲಕ್ಕೆ ಸಾಲುಸಾಲಾಗಿ: ಸಾಲಿಗೆ 20, ಒಟ್ಟು 10 ಸಾಲು.

ನಿರೂಪಣೆ: «ಇದು ಒಂದು ತೋಟ. // ನಮ್ಮ ಸದಸ್ಯರದ್ದೇ. ಇಂಥ ಇನ್ನೂರು ತೋಟದವರನ್ನ ಕೇಳಿದ್ವಿ: / ಈ ಮಳೆಗಾಲ ಕೊಳೆಗೆ ಮದ್ದು ಹೊಡೆದಿದ್ದು ಯಾವಾಗ?»

ಮಳೆಹನಿ, ಗುಡುಗು, ಕೊಳೆತು ಉದುರಿದ ಕಾಯಿಯ ಫೋಟೋ ಯಾವುದೂ ಬೇಡ. ಕೊಳೆ ಹೇಗಿರುತ್ತದೆಂದು ಇವರಿಗೆ ತೋರಿಸಬೇಕಾಗಿಲ್ಲ.

ದೃಶ್ಯ 2 (0:18–0:36)

32 ಬಿಂದುಗಳು ಮಸುಕಾಗಿ, ಬರಿ ಅಂಚಿನ ಗೆರೆ ಉಳಿಯಲಿ. ಪರದೆಯಿಂದ ಮಾಯವಾಗಬಾರದು. 168 ಬಿಂದುಗಳು ಗಟ್ಟಿಯಾಗಿ ನಿಲ್ಲಲಿ. ಮೇಲೆ ಎಣಿಕೆ 200ರಿಂದ 168ಕ್ಕೆ ಇಳಿಯುತ್ತದೆ. ಎಣಿಕೆಯ ಬರಹಕ್ಕೆ After Effects ನಲ್ಲಿ ಈ ಸಾಲು ಹಾಕಿ:

```
Math.round(effect("Slider Control")("Slider"))
```

ಎಲ್ಲ ಅಂಕಿಗೂ ಒಂದೇ ಅಗಲವಿರುವ ಫಾಂಟ್ ಇರಲಿ, ಇಲ್ಲದಿದ್ದರೆ ಓಡುವಾಗ ಸಂಖ್ಯೆ ನಡುಗುತ್ತದೆ.

ನಿರೂಪಣೆ: «ಮಳೆ ಹಿಡಿಯೋಕೆ ಮೊದಲು ಒಂದು ಸಲ ಬೋರ್ಡೋ ಹೊಡೆದವರು / ನೂರಾ ಅರವತ್ತೆಂಟು. ಮೊದಲನೇ ಮದ್ದಿನ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ.»

ಈ ದೃಶ್ಯ ಬೇಗ ದಾಟಲಿ.

ದೃಶ್ಯ 3 (0:36–1:02)

168 ಬಿಂದುಗಳು ಬೂದು. ಬರಹ: «40–45 ದಿನದ ಮೇಲೆ ಎರಡನೇ ಮದ್ದು». ನಿರೂಪಣೆ ಪ್ರಶ್ನೆ ಕೇಳುವಾಗ ಪರದೆ ಅಲ್ಲಾಡದೆ ನಿಲ್ಲಲಿ. ಆಮೇಲೆ ಮೂರು ಸೆಕೆಂಡ್‌ನಲ್ಲಿ 74 ಬಿಂದುಗಳು ಕಿತ್ತಳೆಗೆ ತಿರುಗಲಿ.

ನಿರೂಪಣೆ: «ಆಷಾಢದ ಮಳೆಗೆ ಮೊದಲನೇ ಮದ್ದಿನ ಬಲ ತೊಳೆದು ಹೋಗಿರುತ್ತೆ. ಹೊಸ ಕಾಯಿ ದಪ್ಪ ಆಗ್ತಾ ಇರುತ್ತೆ. ಈ ನೂರಾ ಅರವತ್ತೆಂಟರಲ್ಲಿ ಎರಡನೇದು ಹೊತ್ತಿಗೆ ಸರಿಯಾಗಿ ಹೊಡೆದವರೆಷ್ಟು? // // // ಎಪ್ಪತ್ನಾಲ್ಕು.»

«ಎಪ್ಪತ್ನಾಲ್ಕು» ಅನ್ನುವ ಪದ ಬಿಂದುಗಳು ನಿಂತ ಮೇಲೆ ಬರಬೇಕು. ದನಿ ಮೊದಲು ಬಂದರೆ ಚಿತ್ರಕ್ಕೆ ಕೆಲಸವಿಲ್ಲ. ಹೇಳುವಾಗ ದನಿ ಏರಿಸದೆ ಕೊಂಚ ಇಳಿಸಿ. ಯಾರನ್ನೋ ಗದರಿಸಿದ ಹಾಗೆ ಕೇಳಬಾರದು, ಎದುರಿಗೆ ಕೂತವರಲ್ಲಿ ಹೆಚ್ಚಿನವರು ಬೂದು ಬಿಂದುಗಳೇ.

ದೃಶ್ಯ 4 (1:02–1:42)

ಕಿತ್ತಳೆ ಬಿಂದುಗಳು ಮೂಲೆಗೆ ಸರಿಯಲಿ. ಉಳಿದ 94 ಬಿಂದುಗಳು ಕಿರಿದಾಗಿ, ಒಂದೊಂದಕ್ಕೆ 20 ಪಿಕ್ಸೆಲ್ ಜಾಗದಂತೆ, ನಾಲ್ಕು ಅಡ್ಡ ಸಾಲುಗಳಾಗಿ ಜೋಡಿಸಿಕೊಳ್ಳಲಿ. ಬಾರ್ ಅನ್ನುವುದು ಇಲ್ಲಿ ಅದೇ ತೋಟಗಳ ಸಾಲು, ಬೇರೆ ಆಕಾರ ತರಬೇಡಿ. ಅಡ್ಡ ಸಾಲೇ ಯಾಕೆಂದರೆ ಕನ್ನಡದ ಕಾರಣಗಳು ಉದ್ದ, ನಿಂತ ಬಾರ್‌ನ ಬುಡದಲ್ಲಿ ಹಿಡಿಸುವುದಿಲ್ಲ.

ಕಟ್ಟುವ ಕ್ರಮ, ಚಿಕ್ಕದರಿಂದ ದೊಡ್ಡದಕ್ಕೆ:

ಬೇರೆ ಕಾರಣ – 5
ಮದ್ದಿನ ಖರ್ಚು – 8
ಮಳೆ ಬಿಡಲಿಲ್ಲ – 29
ಕೊನೆಗಾರರು ಸಿಗಲಿಲ್ಲ – 52

ಕೊನೆಯ ಸಾಲು 1040 ಪಿಕ್ಸೆಲ್ ಉದ್ದ. ಮೊದಲ ಸಾಲು ಮೂಡುವಾಗಲೇ ಅಷ್ಟು ಜಾಗ ಬಲಗಡೆ ಖಾಲಿ ಇರಲಿ. ನಡುವೆ ಅಳತೆ ಬದಲಿಸಿದರೆ ಹಿಂದಿನ ಸಾಲುಗಳು ಕುಗ್ಗಿ ನೋಡುವವರ ಲೆಕ್ಕ ತಪ್ಪುತ್ತದೆ.

ನಿರೂಪಣೆ: «ಉಳಿದ ತೊಂಬತ್ನಾಲ್ಕು ಜನಕ್ಕೆ ಏನು ಅಡ್ಡ ಬಂತು? / ಮೈಲುತುತ್ತ, ಸುಣ್ಣದ ಖರ್ಚಾ? / ಎಂಟೇ ಜನ. // ಮಳೆನಾ? / ಹೌದು, ಇಪ್ಪತ್ತೊಂಬತ್ತು ಜನಕ್ಕೆ ಹೊಳವೇ ಸಿಗಲಿಲ್ಲ. // ಐವತ್ತೆರಡು ಮನೆಯಲ್ಲಿ ಡ್ರಮ್ಮಿನಲ್ಲಿ ಮದ್ದು ಕಲಸೋಕೆ ತಯಾರಿತ್ತು, ಹೊಳವೂ ಬಂತು. / ಮರ ಹತ್ತೋರು ಬರಲಿಲ್ಲ.»

52ರ ಸಾಲು «ಹೊಳವೂ ಬಂತು» ಅನ್ನುವಾಗ ಹೊರಟು, «ಬರಲಿಲ್ಲ» ಅನ್ನುವಲ್ಲಿ ನಿಲ್ಲಬೇಕು. ಇಲ್ಲಿ ಸಂಖ್ಯೆಗೆ ಒತ್ತಿಲ್ಲ, ಒತ್ತು ಕಾರಣದ ಮೇಲೆ; ಉದ್ದವನ್ನು ಕಣ್ಣು ನೋಡಿಕೊಳ್ಳುತ್ತದೆ. «ಬೇರೆ ಕಾರಣ» ನಿರೂಪಣೆಯಲ್ಲಿ ಬರುವುದೇ ಬೇಡ.

ಬರಹದ ಅನಿಮೇಷನ್ `Based On: Words` ಇರಲಿ. ಅಕ್ಷರಕ್ಷರವಾಗಿ ತಂದರೆ ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಒಂದು ಕಡೆ ಹಾರುತ್ತವೆ.

ದೃಶ್ಯ 5 (1:42–2:20)

ಇದೇ ಕಷ್ಟದ ದೃಶ್ಯ. 168 ಬಿಂದುಗಳು ಮತ್ತೆ ಬಂದು ಎರಡು ಗುಂಪಾಗಲಿ: ಎಡಕ್ಕೆ «ದೋಟಿ ಬಳಸಿದವರು 41», ಬಲಕ್ಕೆ «ಬಳಸದವರು 127». ಗುಂಪುಗಳ ಅಳತೆ ಬೇರೆಬೇರೆ ಎಂದು ಮೊದಲು ಕಾಣಲಿ. ಎಡದಲ್ಲಿ 29, ಬಲದಲ್ಲಿ 45 ಕಿತ್ತಳೆಯಾಗಲಿ. ಎರಡು ಸೆಕೆಂಡ್ ನಿಲುಗಡೆ. ಆಮೇಲೆ ಎರಡೂ ಗುಂಪು ಒಂದೇ ಉದ್ದದ ಪಟ್ಟಿಯಾಗಿ ಹಿಗ್ಗಲಿ: 71% ಮತ್ತು 35%. ಶೇಕಡಾವಾರು ಬಂದ ಮೇಲೂ «41ರಲ್ಲಿ 29», «127ರಲ್ಲಿ 45» ಪಟ್ಟಿಯ ಕೆಳಗೆ ಉಳಿಯಬೇಕು.

ನಿರೂಪಣೆ: «ಕೆಲವರು ನೆಲದ ಮೇಲೆ ನಿಂತೇ ಕಾರ್ಬನ್ ಫೈಬರ್ ದೋಟಿಯಲ್ಲಿ ಹೊಡೆದಿದಾರೆ. ಈ ಕಡೆ ಇಪ್ಪತ್ತೊಂಬತ್ತು, ಆ ಕಡೆ ನಲವತ್ತೈದು. / ನಲವತ್ತೈದೇ ಹೆಚ್ಚಲ್ವಾ? // ಎಷ್ಟರಲ್ಲಿ ಅಂತ ನೋಡಿ. // ದೋಟಿ ಇದ್ದಲ್ಲಿ ಹತ್ತಕ್ಕೆ ಏಳು ತೋಟ. ಇಲ್ಲದಲ್ಲಿ ಹತ್ತಕ್ಕೆ ಮೂರೂವರೆ.»

ಇಲ್ಲಿಗೆ ಚಪ್ಪಾಳೆ ಬೀಳಬಹುದು. ಹಾಗಾಗಿ ಮುಂದಿನ ಮಾತು ಬಿಡುವಂತಿಲ್ಲ, ಎಡಿಟ್‌ನಲ್ಲಿ ಕತ್ತರಿಸುವಂತೆಯೂ ಇಲ್ಲ. ಪಟ್ಟಿಗಳು ಸ್ವಲ್ಪ ತಿಳಿಯಾಗಲಿ, ಬರಹ ಬರಲಿ: «ತೋಟದ ಅಳತೆ ಕೇಳಿಲ್ಲ».

ನಿರೂಪಣೆ: «ಆದರೆ ಒಂದು ಮಾತು. / ದೋಟಿ ಕೊಂಡವರು ದೊಡ್ಡ ತೋಟದವರೇ ಇರಬಹುದು, ಆಳಿನ ಅನುಕೂಲ ಇದ್ದವರೇ ಇರಬಹುದು. ಅದನ್ನ ನಾವು ಕೇಳಿಲ್ಲ. ಎಲ್ಲಾ ದೋಟಿಯಿಂದಲೇ ಆಯ್ತು ಅಂತ ಈ ಲೆಕ್ಕ ಹೇಳಲ್ಲ.»

ದೃಶ್ಯ 6 (2:20–2:40)

ಪಟ್ಟಿಗಳು ಸರಿಯಲಿ. 52ರ ಸಾಲು ಮಾತ್ರ ಮತ್ತೆ ಬರಲಿ. ಕೆಳಗೆ ಸಭೆಯ ಮುಂದಿರುವ ವಿಷಯ, ಎರಡು ಸಾಲಿನಲ್ಲಿ:

«ಸಂಘದಿಂದ ದೋಟಿ ಬಾಡಿಗೆಗೆ ಕೊಡೋಣವೆ?
ಎರಡನೇ ಮದ್ದಿಗೆ ಕೊನೆಗಾರರ ಸರದಿ ಪಟ್ಟಿ ಮಾಡೋಣವೆ?»

ನಿರೂಪಣೆ: «ಐವತ್ತೆರಡು ತೋಟಕ್ಕೆ ಮುಂದಿನ ವರ್ಷ ಸಂಘ ಏನು ಮಾಡಬಹುದು? / ನೀವೇ ಹೇಳಿ.»

ಸಂಗೀತ ಪೂರ್ತಿ ಬೇಡ. ಸೆಪ್ಟೆಂಬರಿನಲ್ಲಿ ತಗಡಿನ ಮಾಡಿಗೆ ಮಳೆ ಬಿದ್ದರೆ ನಿರೂಪಣೆ ಕೇಳುವುದೇ ಕಷ್ಟ. ನಿರೂಪಣೆಯ ಪ್ರತಿ ಸಂಖ್ಯೆಯೂ ಪರದೆ ಮೇಲಿದೆಯೇ ಎಂದು ದನಿ ಬಂದ್ ಮಾಡಿ ಒಮ್ಮೆ ನೋಡಿ. ಕೊನೆಯ ಚೌಕಟ್ಟು ಕಪ್ಪಾಗದೆ ನಿಂತಿರಲಿ. ಅದನ್ನೇ ಬೇರೆ ಚಿತ್ರವಾಗಿಯೂ ಉಳಿಸಿ ಕೊಡಿ, ಚರ್ಚೆ ಮುಗಿಯುವ ತನಕ ಪರದೆ ಮೇಲಿಡಲು.