ದಾಬಸ್‌ಪೇಟೆ ಕೋಲ್ಡ್ ಸ್ಟೋರೇಜ್ ನೇಮಕಾತಿ: ಆರು ಮಂದಿಯ ಹಿನ್ನೆಲೆ ಪರಿಶೀಲನೆಯ ಸಾರಾಂಶ

ದಿನಾಂಕ: 18 ಜುಲೈ 2025, ಶುಕ್ರವಾರ
ಗೆ: ಆಪರೇಷನ್ಸ್ ಮ್ಯಾನೇಜರ್, ದಾಬಸ್‌ಪೇಟೆ
ಇಂದ: ನೇಮಕಾತಿ ವಿಭಾಗ, ಬೆಂಗಳೂರು ಕಚೇರಿ

ನಮಸ್ಕಾರ ಮೇಡಂ,

ಜುಲೈ 28ರ ಸೋಮವಾರ ಕೆಲಸಕ್ಕೆ ಸೇರಬೇಕಾದ ಆರು ಮಂದಿಯ ವರದಿಗಳೂ ಏಜೆನ್ಸಿಯಿಂದ ನಿನ್ನೆ ಸಂಜೆಗೆ ಬಂದು ಸೇರಿವೆ. ಎಲ್ಲವನ್ನೂ ಓದಿ, ಸಂಶಯ ಬಂದ ಕಡೆ ಮೂಲ ದಾಖಲೆ ತರಿಸಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಯಾವ ಕಡತ ಸಂಖ್ಯೆ ಯಾರದು ಎನ್ನುವುದು ನಿಮ್ಮ ಹತ್ತಿರ ಇರುವ ಪಟ್ಟಿಯಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ: ಡಿಸ್ಪ್ಯಾಚ್ ಕ್ಲರ್ಕ್ (15) ಮತ್ತು ಡ್ರೈವರ್ (14) ಕ್ಲಿಯರ್. ಶಿಫ್ಟ್ ಇನ್‌ಚಾರ್ಜ್ (11), ಅಕೌಂಟ್ಸ್ ಅಸಿಸ್ಟೆಂಟ್ (13), ಮೆಂಟೆನೆನ್ಸ್ ಟೆಕ್ನಿಷಿಯನ್ (16) ಈ ಮೂವರದ್ದು ತಲಾ ಒಂದೊಂದು ಅಂಶ ಬಾಕಿ. ಸ್ಟೋರ್ಸ್ ಸೂಪರ್‌ವೈಸರ್ (12) ದಾಖಲೆ ಮಾತ್ರ ನಿಜಕ್ಕೂ ತಾಳೆ ಆಗುತ್ತಿಲ್ಲ.

ಏಜೆನ್ಸಿ ವರದಿಯ ಮುಖಪುಟ ತೆರೆದರೆ ನಿಮಗೆ ಬೇರೆಯೇ ಚಿತ್ರ ಕಾಣುತ್ತದೆ. ಅಲ್ಲಿ ಮೂವರು ಕೆಂಪು, ಒಬ್ಬರು ಹಳದಿ, ಇಬ್ಬರು ಹಸಿರು. ಆ ಕೆಂಪುಗಳಲ್ಲಿ ಎರಡನ್ನು ನಾನು ಒಪ್ಪಿಲ್ಲ, ಹಸಿರಿನಲ್ಲೂ ಒಂದನ್ನು ಒಪ್ಪಿಲ್ಲ. ಕಾರಣಗಳು ಕೆಳಗಿವೆ. ಏಜೆನ್ಸಿಯವರು ಎರಡು ಕಾಗದ ಒಂದೇ ಥರ ಇಲ್ಲದಿದ್ದರೆ ಬಣ್ಣ ಬದಲಿಸುತ್ತಾರೆ, ಅದು ಅವರ ಕೆಲಸ. ಯಾಕೆ ಒಂದೇ ಥರ ಇಲ್ಲ ಎಂದು ಕೇಳುವುದು ನಮ್ಮ ಪಾಲಿನದು. ಹಾಗಾಗಿ ದಯವಿಟ್ಟು ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ.

ಕ್ಲಿಯರ್ ಆದವರು

ಕಡತ 15, ಡಿಸ್ಪ್ಯಾಚ್ ಕ್ಲರ್ಕ್. ಇದು ಮೊದಲ ಕೆಲಸ, ಹಳೆಯ ಕಂಪನಿ ವಿಚಾರಿಸುವ ಪ್ರಶ್ನೆಯೇ ಇಲ್ಲ. ಪಿಯುಸಿ ಅಂಕಪಟ್ಟಿ, ವಿಳಾಸ, ಕೋರ್ಟ್ ದಾಖಲೆ ಮೂರೂ ಸರಿ ಇವೆ.

ಕಡತ 14, ರೀಫರ್ ವಾಹನದ ಡ್ರೈವರ್. ಲೈಸೆನ್ಸನ್ನು ಸಾರಥಿ ಪೋರ್ಟಲ್‌ನಲ್ಲಿ ನೋಡಿದ್ದಾಗಿದೆ. ಹೆವಿ ಟ್ರಾನ್ಸ್‌ಪೋರ್ಟ್ ವರ್ಗ ಇದೆ, 2028ರ ನವೆಂಬರ್‌ವರೆಗೆ ಚಾಲ್ತಿ. ಏಜೆನ್ಸಿ ಹಳದಿ ಕೊಟ್ಟದ್ದು ಕೋರ್ಟ್ ದಾಖಲೆಗೆ. ಇ-ಕೋರ್ಟ್ಸ್‌ನಲ್ಲಿ ಇವರ ಹೆಸರು, ತಂದೆಯ ಹೆಸರು ಎರಡೂ ಹೊಂದುವ ಒಂದು ಚೆಕ್ ಬೌನ್ಸ್ ಕೇಸು ಚನ್ನರಾಯಪಟ್ಟಣದಲ್ಲಿ ಸಿಕ್ಕಿದೆ, ಅದನ್ನು 'ಇವರದ್ದಿರಬಹುದು' ಎಂದು ಬರೆದಿದ್ದಾರೆ. ಹಾಸನ ಜಿಲ್ಲೆಯಲ್ಲಿ ಆ ಎರಡು ಹೆಸರು ಸೇರಿದವರು ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಆದೇಶದ ಪ್ರತಿ ತೆಗೆಸಿ ನೋಡಿದೆ. ಆರೋಪಿಯ ವಯಸ್ಸು ಸುಮಾರು 52, ಕಸುಬು ದಿನಸಿ ಅಂಗಡಿ. ನಮ್ಮ ಅಭ್ಯರ್ಥಿಗೆ 31, ಊರು ಅರಸೀಕೆರೆ ತಾಲ್ಲೂಕು. ಅದು ಬೇರೆ ವ್ಯಕ್ತಿಯ ಕೇಸು. ಏಜೆನ್ಸಿಗೂ ಬರೆದು ಆ ಸಾಲನ್ನು ವರದಿಯಿಂದ ತೆಗೆಸಿದ್ದೇನೆ, ಇಲ್ಲದಿದ್ದರೆ ಮುಂದೆ ಯಾರೋ ಕಡತ ತೆರೆದಾಗ ಮತ್ತೆ ಅದೇ ಕಣ್ಣಿಗೆ ಬೀಳುತ್ತದೆ.

ಇನ್ನೂ ಬಾಕಿ ಇರುವುದು

ಕಡತ 11, ಶಿಫ್ಟ್ ಇನ್‌ಚಾರ್ಜ್. ಇವರಿಗೆ ಕೆಂಪು ಬಿದ್ದದ್ದು ಸಂಬಳದ ವಿಷಯಕ್ಕೆ. ಹಿಂದಿನ ಕಡೆ ತಿಂಗಳಿಗೆ 31,500 ರೂಪಾಯಿ ಎಂದು ಬರೆದಿದ್ದಾರೆ, ಪಿಎಫ್ ದಾಖಲೆಯಲ್ಲಿ ವೇತನ 15,000 ಎಂದಿದೆ, ಆದ್ದರಿಂದ ದುಪ್ಪಟ್ಟು ಹೇಳಿದ್ದಾರೆ ಎನ್ನುವುದು ಏಜೆನ್ಸಿಯ ಲೆಕ್ಕ. ಈ ಲೆಕ್ಕ ನಿಲ್ಲುವುದಿಲ್ಲ. ಪಿಎಫ್‌ಗೆ 15,000 ರೂಪಾಯಿ ವೇತನ ಮಿತಿ ಇದೆ, ಎಷ್ಟೋ ಕಂಪನಿಗಳು ಅದರ ಮೇಲೆ ಮಾತ್ರ ಶೇ. 12 ಕಟ್ಟುತ್ತವೆ. ಇವರ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳೂ ನೌಕರನ ಪಾಲು 1,800, ಕಂಪನಿ ಪಾಲು 550, ಪೆನ್ಷನ್‌ಗೆ 1,250. ಮಿತಿಗೆ ಕಟ್ಟಿದಾಗ ಬರುವ ಅಂಕಿಗಳೇ ಇವು. ಇದನ್ನು ನೋಡಿ ನಿಜವಾದ ಸಂಬಳ ಎಷ್ಟೆಂದು ಹೇಳಲು ಬರುವುದಿಲ್ಲ. ಹಾಗಾಗಿ ಕೊನೆಯ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದೆ. ಮೂರೂ ತಿಂಗಳು 29,500 ಜಮಾ ಆಗಿದೆ. 31,500ರಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಸರಿಯಾಗಿ ಅಷ್ಟೇ. ಈ ಅಂಶ ಕ್ಲಿಯರ್.

ಬಾಕಿ ಇರುವುದು ಪೊಲೀಸ್ ವೆರಿಫಿಕೇಷನ್ ಮಾತ್ರ. ಸೇವಾ ಸಿಂಧುವಿನಲ್ಲಿ ಜುಲೈ 9ರಂದು ಅರ್ಜಿ ಹಾಕಿದ್ದಾರೆ. ನೆಲಮಂಗಲದ ಬಾಡಿಗೆ ಮನೆಗೆ 15ರಂದು ಪೊಲೀಸರು ಬಂದು ಹೋಗಿದ್ದಾರೆ. ಕಾಯಂ ವಿಳಾಸ ತಿಪಟೂರು, ಅಲ್ಲಿಯ ಠಾಣೆಯಿಂದ ಇನ್ನೂ ಬರಬೇಕು. ಕೋರ್ಟ್ ದಾಖಲೆಯಲ್ಲಿ ಏನೂ ಇಲ್ಲ. 28ರೊಳಗೆ ಬರದಿದ್ದರೂ 'ಪ್ರಮಾಣಪತ್ರ ಬಂದ ಮೇಲೆ ಖಾಯಂ' ಎಂಬ ಷರತ್ತಿನ ಮೇಲೆ ಸೇರಿಸಿಕೊಳ್ಳಬಹುದು, ನನ್ನ ಅಡ್ಡಿಯಿಲ್ಲ.

ಕಡತ 13, ಅಕೌಂಟ್ಸ್ ಅಸಿಸ್ಟೆಂಟ್. ಇಲ್ಲಿ ಎರಡು ಆಕ್ಷೇಪಣೆ ಇದ್ದವು. ಒಂದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಮೊದಲನೆಯದು ಊರಿನದು, ಎರಡನೆಯದು ಅಪ್ಪನದು. ಪ್ಯಾನ್‌ನಲ್ಲಿ ಊರು ಹೋಗಿ ಅಪ್ಪನ ಹೆಸರು ಪೂರ್ತಿಯಾಗಿ ಕೊನೆಗೆ ಬಂದಿದೆ. ನಮ್ಮ ಕಡೆ ಮನೆಗೊಬ್ಬರು ಹೀಗಿರುತ್ತಾರೆ. ಹುಟ್ಟಿದ ದಿನಾಂಕ, ತಂದೆಯ ಹೆಸರು, ಫೋಟೊ ಎಲ್ಲ ಒಂದೇ ಇರುವುದರಿಂದ ಇದು ಮುಗಿದ ವಿಷಯ.

ಎರಡನೆಯದು ಪದವಿ, ಇದು ಸ್ವಲ್ಪ ಸೂಕ್ಷ್ಮ. ಬಿ.ಕಾಂ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ್ದು. ಅಂಕಪಟ್ಟಿಗಳು ಅಸಲಿ ಎಂದು ವಿಶ್ವವಿದ್ಯಾನಿಲಯವೇ ದೃಢಪಡಿಸಿದೆ. ಆದರೆ ಆ ವಿಶ್ವವಿದ್ಯಾನಿಲಯಕ್ಕೆ ಯುಜಿಸಿ ಮಾನ್ಯತೆ 2012-13ರ ನಂತರ ನಿಂತಿತ್ತು, ಮತ್ತೆ ಸಿಕ್ಕಿದ್ದು 2018-19ರಿಂದ. ಇವರು ಸೇರಿದ್ದು 2012-13ರಲ್ಲಿ, ಕೊನೆಯ ವರ್ಷದ ಪರೀಕ್ಷೆ ಬರೆದದ್ದು 2015ರಲ್ಲಿ. ಅಂದರೆ ಮಾನ್ಯತೆ ಇದ್ದಾಗ ಸೇರಿ, ಇಲ್ಲದಾಗ ಮುಗಿಸಿದ್ದಾರೆ. ಏಜೆನ್ಸಿ ಮುಗಿಸಿದ ವರ್ಷ ಮಾತ್ರ ನೋಡಿ ಕೆಂಪು ಹಾಕಿದೆ. ಅಭ್ಯರ್ಥಿ ಇಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಅರ್ಜಿಯಲ್ಲಿ ವಿಶ್ವವಿದ್ಯಾನಿಲಯದ ಹೆಸರು, ವರ್ಷ ಎಲ್ಲ ಇದ್ದದ್ದು ಇದ್ದ ಹಾಗೆ ಬರೆದಿದ್ದಾರೆ. ಇದನ್ನು ಸುಳ್ಳು ದಾಖಲೆಯ ಸಾಲಿನಲ್ಲಿ ಕೂರಿಸುವುದು ಅನ್ಯಾಯ. 2012-13ರ ಪ್ರವೇಶದ ಬ್ಯಾಚ್ ಬಗ್ಗೆ ಲಿಖಿತ ಸ್ಪಷ್ಟನೆ ಕೇಳಿ ವಿಶ್ವವಿದ್ಯಾನಿಲಯಕ್ಕೆ ಪತ್ರ ಹೋಗಿದೆ, ಉತ್ತರ ಬರುವವರೆಗೆ ಬಾಕಿ ಎಂದಿಟ್ಟಿದ್ದೇನೆ. ಈ ಹುದ್ದೆಗೆ ಪದವಿ ಕಡ್ಡಾಯ ಎಂದು ಜಾಹೀರಾತಿನಲ್ಲಿ ಹಾಕಿದ್ದು ನಿಮ್ಮ ವಿಭಾಗ. ಟ್ಯಾಲಿ, ಜಿಎಸ್‌ಟಿ ಕೆಲಸದ ಆರು ವರ್ಷದ ಅನುಭವ ಹಿಂದಿನ ಕಂಪನಿಯಿಂದ ದೃಢಪಟ್ಟಿದೆ. ಅನುಭವ ಸಾಕೆಂದು ನೀವು ಬರೆದು ಕೊಟ್ಟರೆ ನಾನು ಪತ್ರಕ್ಕೆ ಕಾಯಬೇಕಿಲ್ಲ.

ಕಡತ 16, ಮೆಂಟೆನೆನ್ಸ್ ಟೆಕ್ನಿಷಿಯನ್. ಏಜೆನ್ಸಿ ಹಸಿರು ಕೊಟ್ಟಿದ್ದು ಇದಕ್ಕೆ, ನಾನು ತಡೆದಿದ್ದೂ ಇದನ್ನೇ. ಐಟಿಐ ಸರ್ಟಿಫಿಕೇಟ್ ಸರಿಯಾಗಿದೆ, ರೆಫ್ರಿಜರೇಷನ್ ಮತ್ತು ಎಸಿ ಮೆಕ್ಯಾನಿಕ್, ಎರಡು ವರ್ಷದ ಟ್ರೇಡ್. ತೊಡಕಿರುವುದು ಅನುಭವದಲ್ಲಿ. ನಾಲ್ಕು ವರ್ಷ ಕೆಲಸ, ಅದರಲ್ಲಿ ಎರಡು ವರ್ಷ ಅಮೋನಿಯಾ ಪ್ಲಾಂಟ್ ಮೇಲೆ ಎಂದು ಅರ್ಜಿಯಲ್ಲಿದೆ. ವರದಿಯ ಒಳಪುಟದಲ್ಲಿ ಉತ್ತರ ಕೊಟ್ಟವರ ಕಾಲಂ ನೋಡಿದರೆ ಒಂದು ಮೊಬೈಲ್ ನಂಬರ್, ಒಂದು ಜಿಮೇಲ್ ವಿಳಾಸ. ಹುದ್ದೆ 'ಸೀನಿಯರ್' ಎಂದಷ್ಟೇ ಇದೆ. ಆ ನಂಬರ್ ಕೊಟ್ಟವರು ಅಭ್ಯರ್ಥಿಯೇ. ಉತ್ತರವೂ 'ಹೌದು, ಕೆಲಸ ಮಾಡಿದ್ದಾನೆ' ಎಂದು ಒಂದೇ ಸಾಲು, ಅಮೋನಿಯಾ ಮಾತೇ ಇಲ್ಲ. ಪಿಎಫ್ ನೋಡೋಣವೆಂದರೆ ಆ ಜಾಗದಲ್ಲಿ ಇದ್ದದ್ದು ಎಂಟೇ ಜನ, 20ಕ್ಕಿಂತ ಕಡಿಮೆ ಇದ್ದರೆ ಪಿಎಫ್ ಕಡ್ಡಾಯವಲ್ಲ. ಅದರಿಂದ ಪಿಎಫ್ ಇಲ್ಲ ಎನ್ನುವುದನ್ನು ಇವರ ವಿರುದ್ಧ ಹಿಡಿಯುವಂತಿಲ್ಲ. ಸಂಬಳ ಬಂದ ಬ್ಯಾಂಕ್ ಖಾತೆಯ ವಿವರ, ಮಾಲೀಕರ ಜಿಎಸ್‌ಟಿ ನಂಬರ್ ಇರುವ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಇವೆರಡನ್ನು ಕೇಳಿದ್ದೇನೆ. ಕೊಡುತ್ತೇನೆ ಎಂದಿದ್ದಾರೆ. ಆದರೆ ಅಮೋನಿಯಾ ಕೆಲಸ ಗೊತ್ತಿದೆಯೇ ಎನ್ನುವುದು ಕಾಗದದಲ್ಲಿ ತಿಳಿಯುವ ವಿಷಯವಲ್ಲ. ನಿಮ್ಮ ಪ್ಲಾಂಟ್ ಫೋರ್‌ಮನ್ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿಸಿದರೆ ನನ್ನ ಯಾವ ಪತ್ರಕ್ಕಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಅದಾಗುವವರೆಗೆ ಕಂಪ್ರೆಸರ್ ರೂಮಿಗೆ ಒಬ್ಬರನ್ನೇ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತಾಳೆ ಆಗದ್ದು

ಕಡತ 12, ಸ್ಟೋರ್ಸ್ ಸೂಪರ್‌ವೈಸರ್. ಅರ್ಜಿ ಪ್ರಕಾರ ಹಿಂದಿನ ಗೋದಾಮಿನಲ್ಲಿ 2021ರ ಜೂನ್‌ನಿಂದ 2024ರ ಮಾರ್ಚ್ 31ರವರೆಗೆ ಸೂಪರ್‌ವೈಸರ್. ಆ ಕಂಪನಿಯ ಎಚ್‌ಆರ್ ತಮ್ಮ ಅಧಿಕೃತ ಮೇಲ್‌ನಿಂದ ಕೊಟ್ಟ ಉತ್ತರ: 14 ಜೂನ್ 2021ರಿಂದ 10 ನವೆಂಬರ್ 2023, ಹುದ್ದೆ ಸ್ಟೋರ್ ಅಸಿಸ್ಟೆಂಟ್, ನೋಟಿಸ್ ಕೊಡದೆ ಬಿಟ್ಟಿದ್ದಾರೆ. ಪಿಎಫ್ ಸೇವಾ ವಿವರದಲ್ಲೂ ಬಿಟ್ಟ ದಿನ ಅದೇ ನವೆಂಬರ್ 10. ಅಷ್ಟೇ ಅಲ್ಲ, ಅದೇ ಯುಎಎನ್ ಅಡಿಯಲ್ಲಿ 20 ನವೆಂಬರ್ 2023ರಿಂದ 2024ರ ಫೆಬ್ರವರಿವರೆಗೆ ಇನ್ನೊಂದು ಕಂಪನಿಯ ಸದಸ್ಯತ್ವ ಇದೆ. ಅದು ಅರ್ಜಿಯಲ್ಲಿ ಎಲ್ಲೂ ಇಲ್ಲ.

ದಿನಾಂಕ ನಾಲ್ಕೈದು ತಿಂಗಳು ಎಳೆಯುವುದು, ಅಸಿಸ್ಟೆಂಟ್ ಇದ್ದವರು ಸೂಪರ್‌ವೈಸರ್ ಎಂದು ಬರೆದುಕೊಳ್ಳುವುದು ನಾವು ನೋಡದ್ದೇನಲ್ಲ. ಇಲ್ಲಿ ವಿಷಯ ಅದಕ್ಕಿಂತ ಮುಂದೆ ಹೋಗಿದೆ. 31 ಮಾರ್ಚ್ 2024 ದಿನಾಂಕದ ರಿಲೀವಿಂಗ್ ಲೆಟರ್ ಒಂದನ್ನು ಕೊಟ್ಟಿದ್ದಾರೆ. ಅಂದು ಭಾನುವಾರ. ವರ್ಷದ ಕೊನೆಯ ಸ್ಟಾಕ್ ಎಣಿಕೆಗೆ ಗೋದಾಮು ತೆರೆದಿರಬಹುದು, ಭಾನುವಾರ ಎನ್ನುವುದೊಂದನ್ನೇ ಹಿಡಿದು ಲೆಟರ್ ಸುಳ್ಳು ಎನ್ನಲಾಗದು. ಹಾಗಾಗಿ ಪ್ರತಿಯನ್ನೇ ಆ ಕಂಪನಿಗೆ ಕಳಿಸಿದೆವು. ಇದನ್ನು ನಾವು ಕೊಟ್ಟಿಲ್ಲ, ಸಹಿ ಹಾಕಿರುವ ಹೆಸರಿನವರು ಯಾರೂ ಆಗ ನಮ್ಮಲ್ಲಿರಲಿಲ್ಲ ಎಂದು ಲಿಖಿತವಾಗಿ ತಿಳಿಸಿದ್ದಾರೆ.

ನಿನ್ನೆ ಅಭ್ಯರ್ಥಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಮೊದಲು ಸುಮ್ಮನಾದರು. ಆಮೇಲೆ, 'ಎರಡು ತಿಂಗಳ ಸಂಬಳ ಬಾಕಿ ಇಟ್ಟುಕೊಂಡು ಲೆಟರ್ ಕೊಡಲಿಲ್ಲ ಸರ್, ಲೆಟರ್ ಇಲ್ಲದೆ ಯಾರೂ ಒಳಗೆ ಬಿಡ್ತಿರಲಿಲ್ಲ, ಗೊತ್ತಿರೋರ ಹತ್ರ ಮಾಡಿಸಿದೆ' ಎಂದರು. ಸಂಬಳ ಬಾಕಿ ಇಟ್ಟು ಲೆಟರ್ ತಡೆಹಿಡಿಯುವುದು ನಡೆಯುತ್ತದೆ, ಅವರ ಮಾತು ನಿಜವೂ ಇರಬಹುದು. ಲೆಟರ್ ಇಲ್ಲ ಎಂದೇ ಹೇಳಿದ್ದರೆ ಪಿಎಫ್ ದಾಖಲೆ ಇಟ್ಟುಕೊಂಡು ನಾನೇ ಕ್ಲಿಯರ್ ಮಾಡುತ್ತಿದ್ದೆ. ಆದರೆ ಈ ಹುದ್ದೆಯವರ ಕೈಗೆ ಗೋದಾಮಿನ ಬೀಗದ ಕೈಯೂ ಇನ್‌ವರ್ಡ್ ರಿಜಿಸ್ಟರೂ ಹೋಗುತ್ತವೆ, ಇವರ ಸಹಿಯ ಮೇಲೆ ಬಿಲ್ ಪಾಸಾಗುತ್ತದೆ. ಮಾಡಿಸಿದ ಸಹಿಯೊಂದನ್ನು ಕೊಟ್ಟು ಬಂದವರನ್ನು ಅಲ್ಲಿ ಕೂರಿಸಲು ನನ್ನ ಶಿಫಾರಸು ಇಲ್ಲ. ಲಿಖಿತ ವಿವರಣೆ ಕೊಡಲು ಸೋಮವಾರ, 21ರ ಸಂಜೆ 5ರವರೆಗೆ ಸಮಯ ಕೊಟ್ಟಿದ್ದೇನೆ. ಅದು ಬರುವ ಮುಂಚೆ ಅವರಿಗೆ ನಿಮ್ಮ ಕಡೆಯಿಂದ ಯಾರೂ ಏನೂ ಹೇಳದಿರಲಿ. ತೀರ್ಮಾನ ಏನೇ ಆದರೂ ನಾನೇ ತಿಳಿಸುತ್ತೇನೆ.

ಬುಧವಾರ 23ರೊಳಗೆ ನಿಮ್ಮಿಂದ ನನಗೆ ಬೇಕಾದದ್ದು: 11ರನ್ನು ಷರತ್ತಿನ ಮೇಲೆ ಸೇರಿಸಿಕೊಳ್ಳಲು ಒಪ್ಪಿಗೆ, 13ಕ್ಕೆ ಪದವಿ ಬೇಕೇ ಬೇಡವೇ ಎಂಬ ನಿರ್ಧಾರ, 16ರನ್ನು ಫೋರ್‌ಮನ್ ಮಾತಾಡಿಸುವ ದಿನ. 12ರ ಜಾಗಕ್ಕೆ ಸಂದರ್ಶನದಲ್ಲಿ ಎರಡನೆಯವರಾಗಿ ಬಂದವರನ್ನು ಇನ್ನೂ ಬಿಟ್ಟಿಲ್ಲ, ನೀವು ಹೂಂ ಎಂದರೆ ಅವರ ಒಪ್ಪಿಗೆ ಪತ್ರ ತೆಗೆದುಕೊಂಡು ಪರಿಶೀಲನೆ ಶುರು ಮಾಡಿಸುತ್ತೇನೆ. ಅವರು 28ಕ್ಕೆ ಸೇರುವುದು ಆಗಲಾರದು, ಆಗಸ್ಟ್ ಎರಡನೇ ವಾರ ಎಂದಿಟ್ಟುಕೊಳ್ಳಿ.

ಪೂರ್ತಿ ವರದಿಗಳು ನಮ್ಮ ಕಚೇರಿಯಲ್ಲೇ ಇರುತ್ತವೆ, ನೋಡಬೇಕೆಂದರೆ ನಿಮಗೊಬ್ಬರಿಗೆ ತೆರೆದು ಕೊಡುತ್ತೇನೆ. ಈ ಟಿಪ್ಪಣಿಯನ್ನು ದಯವಿಟ್ಟು ಪ್ಲಾಂಟ್‌ನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಇಂತಿ,
ನೇಮಕಾತಿ ವಿಭಾಗದ ಪರವಾಗಿ
ಹಿರಿಯ ಕಾರ್ಯನಿರ್ವಾಹಕ, ಎಚ್‌ಆರ್